ಕರೆ ಮುಗಿಸಿ ಬಂದರೆ ಆಟ ಮೊದಲಿಂದ ಶುರು, ಏಕೆ?

ಪ್ರಶ್ನೆ: ಆಂಡ್ರಾಯ್ಡ್ ಫೋನಿನಲ್ಲಿ ಆಟವಾಡುವಾಗ ಕರೆ ಬಂದರೆ, ಮಾತಾಡಿ ಮರಳುವಷ್ಟರಲ್ಲಿ ಆಟ ಕೆಲವೊಮ್ಮೆ ಮೊದಲಿಂದ ಶುರುವಾಗುತ್ತದೆ. ಏಕೆ?

ಉತ್ತರ: ಕರೆಯ ಪರದೆ ಮುಂದೆ ಬಂದಾಗ ಆಟ ಹಿನ್ನೆಲೆಗೆ ಸರಿಯುತ್ತದೆ. ಆಗ ಆಂಡ್ರಾಯ್ಡ್ ಆಟಕ್ಕೆ ಮೊದಲು `onPause`, ಪರದೆಯಿಂದ ಪೂರ್ತಿ ಮರೆಯಾದ ಮೇಲೆ `onStop` ಎಂಬ ಸೂಚನೆ ಕೊಡುತ್ತದೆ. ಬಳಿಕ ಮೆಮೊರಿ ಸಾಲದಿದ್ದರೆ, ಹೇಳದೆ ಕೇಳದೆ ಆಟವನ್ನೇ ಮುಚ್ಚಿಬಿಡಬಹುದು. ಹಂತ, ಅಂಕ, ಉಳಿದ ಜೀವಗಳು ಮೆಮೊರಿಯಲ್ಲಷ್ಟೇ ಇದ್ದರೆ ಅಲ್ಲಿಗೇ ಮುಗಿಯಿತು. ಕೊನೆಯ `onDestroy` ಸೂಚನೆ ಬಂದಾಗ ಉಳಿಸೋಣವೆಂದು ಕಾದರೆ, ಅದು ಬಾರದೆಯೂ ಹೋಗಬಹುದು.

ಆದ್ದರಿಂದ ಆಟ ಬರೆಯುವವರು `onPause`ನಲ್ಲಿ ಗಡಿಯಾರ, ಸದ್ದು ನಿಲ್ಲಿಸಿ, `onStop` ಮುಗಿಯುವುದರೊಳಗೆ ಸ್ಥಿತಿಯನ್ನು ಫೈಲಿಗೆ ಬರೆದಿಡಬೇಕು. ಮರಳಿದಾಗ ಆಟವನ್ನು ತಟ್ಟನೆ ಓಡಿಸದೆ, 'ಮುಂದುವರಿಸಿ' ಗುಂಡಿ ತೋರಿಸಬೇಕು. ಗಡಿಯಾರ ನಿಲ್ಲಿಸದಿದ್ದರೆ ಐದು ನಿಮಿಷದ ಮಾತುಕತೆಯೂ ಆಟದ ಸಮಯಕ್ಕೆ ಸೇರಿ, ಮರಳುತ್ತಿದ್ದಂತೆ ಸೋಲು ಖಚಿತ.

ನೀವೇ ಆಟ ಬರೆಯುವವರಾದರೆ, ಅದನ್ನು ಹಿನ್ನೆಲೆಗೆ ಸರಿಸಿ, ಕಂಪ್ಯೂಟರಿನಿಂದ `adb shell am kill` ಆದೇಶದ ಮುಂದೆ ಆಟದ ಪ್ಯಾಕೇಜ್ ಹೆಸರು ಸೇರಿಸಿ ಕೊಟ್ಟು, ಮತ್ತೆ ತೆರೆದು ನೋಡಿ. ಬಿಟ್ಟ ಹಂತದಲ್ಲೇ ತೆರೆದುಕೊಂಡರೆ ಉಳಿಸುವ ಕೆಲಸ ಸರಿಯಾಗಿದೆ.