ಮಾತು ಮೆತ್ತಗಾಗಲಿ, ಗಡುವು ಸಡಿಲವಾಗದಿರಲಿ

ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕಂಪನಿಗಳ ಅಕೌಂಟ್ಸ್ ವಿಭಾಗಕ್ಕೆ ತಿಂಗಳ ಮೊದಲ ಹತ್ತು ದಿನ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಹಿಂದಿನ ತಿಂಗಳ ಮಾರಾಟದ ವಿವರವಿರುವ ಜಿಎಸ್‌ಟಿಆರ್-1 ಅನ್ನು 11ರೊಳಗೆ ಸಲ್ಲಿಸಬೇಕು. ಅದಕ್ಕೆ ಎಲ್ಲ ಶಾಖೆಗಳ ಬಿಲ್‌ಗಳೂ ಕೈಸೇರಿರಬೇಕು. ಒಂದು ಶಾಖೆ ತಡಮಾಡಿದರೆ ಇಂಥ ಇಮೇಲ್ ಹೋಗುತ್ತದೆ:

“ಸೆಪ್ಟೆಂಬರ್ ಬಿಲ್ ಇನ್ನೂ ಬಂದಿಲ್ಲ. ಪ್ರತಿ ತಿಂಗಳೂ ನಿಮ್ಮದೇ ತಡ. ಎಷ್ಟು ಸಲ ಹೇಳಬೇಕು? 8ರೊಳಗೆ ಕಳಿಸದಿದ್ದರೆ ಮುಂದಿನದ್ದಕ್ಕೆಲ್ಲ ನೀವೇ ಹೊಣೆ.”

ಓದಿದವರಿಗೆ ಮೊದಲು ತಟ್ಟುವುದು ಬೈಗುಳ. ಅವರು ಬಿಲ್ ಹುಡುಕುವುದನ್ನು ಬಿಟ್ಟು, ಹೋದ ತಿಂಗಳು ತಾವು ತಡಮಾಡಿರಲಿಲ್ಲ ಎಂದು ಸಾಬೀತು ಮಾಡಲು ಕೂರುತ್ತಾರೆ. ಹಾಗೆಂದು ತಿದ್ದಲು ಹೊರಟವರು ಸಾಮಾನ್ಯವಾಗಿ ಬರೆಯುವುದು ಹೀಗೆ:

“ತಮಗೆ ಬಿಡುವಾದಾಗ ಸೆಪ್ಟೆಂಬರ್ ಬಿಲ್‌ಗಳನ್ನು, ಸಾಧ್ಯವಾದರೆ 8ರ ಹೊತ್ತಿಗೆ, ಕಳಿಸಿಕೊಟ್ಟರೆ ಉಪಕಾರವಾಗುತ್ತದೆ.”

ಇಲ್ಲಿ ಬೈಗುಳದ ಜೊತೆಗೆ ಗಡುವೂ ಹೋಯಿತು. ಬಿಡುವಾಗದಿದ್ದರೆ ಕಳಿಸಬೇಕಿಲ್ಲ, ಸಾಧ್ಯವಾಗದಿದ್ದರೆ 10ಕ್ಕೂ ಆದೀತು ಎಂದು ಓದಿಕೊಂಡವರನ್ನು ದೂರುವಂತಿಲ್ಲ. ಇಂಗ್ಲಿಷಿನಲ್ಲೇ ಬರೆಯುವ ಕಚೇರಿಗಳಲ್ಲಿ ಓಡಾಡುವ ‘ಅಟ್ ದಿ ಅರ್ಲಿಯೆಸ್ಟ್’ ಮಾಡುವ ಕೆಲಸವೂ ಇದೇ. ಕೇಳಲು ಅವಸರದ ಮಾತು, ಒಳಗೆ ತಾರೀಖೇ ಇಲ್ಲ.

ತಿದ್ದುವ ಮೊದಲು ಇಮೇಲನ್ನು ಎರಡಾಗಿ ಬಿಡಿಸಿಕೊಳ್ಳಬೇಕು. ವ್ಯಕ್ತಿಯ ಬಗ್ಗೆ ಇರುವ ಮಾತು ಒಂದು, ಕೆಲಸದ ಬಗ್ಗೆ ಇರುವ ಮಾತು ಇನ್ನೊಂದು. ‘ಪ್ರತಿ ತಿಂಗಳೂ ನಿಮ್ಮದೇ ತಡ’, ‘ಎಷ್ಟು ಸಲ ಹೇಳಬೇಕು’ ಎಂಬವು ಮೊದಲ ಬಗೆಯವು; ಅವನ್ನು ಪೂರ್ತಿ ತೆಗೆಯಬಹುದು. ಪದೇಪದೇ ತಡವಾಗುವುದು ನಿಜವೇ ಆಗಿದ್ದರೆ, ಗಡುವು ಕಳೆದ ಮೇಲೆ ಫೋನಿನಲ್ಲೋ ಎದುರು ಕೂತೋ ಮಾತಾಡುವ ವಿಷಯವದು. ಯಾವ ಬಿಲ್, ಯಾವತ್ತಿಗೆ, ಬಾರದಿದ್ದರೆ ಏನಾಗುತ್ತದೆ ಎಂಬುದು ಎರಡನೆಯ ಬಗೆ. ಇದನ್ನು ತೆಗೆಯುವುದಿರಲಿ, ಇನ್ನಷ್ಟು ಬಿಡಿಸಿ ಬರೆಯಬೇಕು. ‘8ರೊಳಗೆ’ ಎಂದರೆ 7ಕ್ಕೇ ಮುಗಿಯಬೇಕೋ, 8ರ ರಾತ್ರಿಯವರೆಗೂ ಸಮಯವಿದೆಯೋ? ವಾರ, ಗಂಟೆ ಎರಡನ್ನೂ ಬರೆದರೆ ಆ ಗೊಂದಲ ಉಳಿಯುವುದಿಲ್ಲ. ತಿದ್ದಿದ ಮೇಲೆ ಇಮೇಲ್ ಹೀಗಾಗುತ್ತದೆ:

“ವಿಷಯ: ಸೆಪ್ಟೆಂಬರ್ ಬಿಲ್‌ಗಳು – ಅಕ್ಟೋಬರ್ 8, ಸಂಜೆ 4ಕ್ಕೆ ಮುಂಚೆ

ನಮಸ್ಕಾರ ಸರ್,

ನಿಮ್ಮ ಶಾಖೆಯ ಸೆಪ್ಟೆಂಬರ್ ತಿಂಗಳ ಮಾರಾಟದ ಬಿಲ್ ಮತ್ತು ಕ್ರೆಡಿಟ್ ನೋಟ್‌ಗಳು ಇನ್ನೂ ಬರಬೇಕಿದೆ. ದಯವಿಟ್ಟು ಅಕ್ಟೋಬರ್ 8, ಬುಧವಾರ ಸಂಜೆ 4 ಗಂಟೆಗೆ ಮುಂಚೆ ಕಳಿಸಿಕೊಡಿ.

ಜಿಎಸ್‌ಟಿಆರ್-1ಕ್ಕೆ 11 ಕೊನೆಯ ದಿನ. ತಾಳೆ ನೋಡಲು ನಮಗೆ ಎರಡು ದಿನ ಬೇಕು. 4 ಗಂಟೆಯ ನಂತರ ಬಂದ ಬಿಲ್ ಈ ರಿಟರ್ನ್‌ನಲ್ಲಿ ಸೇರುವುದಿಲ್ಲ. ಆಗ ನಿಮ್ಮ ಗ್ರಾಹಕರಿಗೆ ಅದರ ತೆರಿಗೆ ಕ್ರೆಡಿಟ್ ಒಂದು ತಿಂಗಳು ತಡವಾಗುತ್ತದೆ.

ಯಾವುದಾದರೂ ಬಿಲ್ ಸಿಗದಿದ್ದರೆ 6ರ ಮಧ್ಯಾಹ್ನಕ್ಕೆ ಮುಂಚೆ ತಿಳಿಸಿ, ಒಟ್ಟಿಗೆ ಹುಡುಕೋಣ.”

‘ದಯವಿಟ್ಟು’, ‘ಕಳಿಸಿಕೊಡಿ’ ಎಂಬ ಮರ್ಯಾದೆಯ ಮಾತುಗಳು ಕೆಲಸ ಹೇಳುವ ರೀತಿಗೆ ಅಂಟಿಕೊಂಡಿವೆ, ತಾರೀಖಿಗೆ ಅಲ್ಲ. ‘ನೀವೇ ಹೊಣೆ’ ಎಂಬ ಬೆದರಿಕೆಯ ಜಾಗಕ್ಕೆ ಆಗುವುದೇನು ಎಂಬ ವಿವರ ಬಂದಿದೆ. ಅದು ಬರೆದವರ ಸಿಟ್ಟಲ್ಲ, ಜಿಎಸ್‌ಟಿಯ ವ್ಯವಸ್ಥೆ: ಖರೀದಿದಾರರಿಗೆ ಸಿಗಬೇಕಾದ ಕ್ರೆಡಿಟ್‌ನ ಪಟ್ಟಿಯಾದ ಜಿಎಸ್‌ಟಿಆರ್-2ಬಿ ತಿಂಗಳ 14ರಂದು ತಯಾರಾಗುತ್ತದೆ, ಮಾರಿದವರು ಸಲ್ಲಿಸಿದ ವಿವರವೇ ಅದಕ್ಕೆ ಆಧಾರ. ತನ್ನ ಗ್ರಾಹಕನೇ ಫೋನ್ ಮಾಡಿ ಕೇಳುತ್ತಾನೆಂದು ಗೊತ್ತಾದಾಗ ಶಾಖೆಯವರಿಗೆ ಗಡುವು ತಮ್ಮದೂ ಹೌದು ಅನ್ನಿಸುತ್ತದೆ. ಇನ್ನು ಸಹಾಯದ ಮಾತಿಗೂ ಬೇರೆಯದೇ ತಾರೀಖಿದೆ. 6 ಎಂದು ಬರೆಯದಿದ್ದರೆ, ಬಿಲ್ ಸಿಕ್ಕಿಲ್ಲ ಎಂಬ ಸುದ್ದಿ 8ರ ಸಂಜೆಯೇ ಬರುತ್ತದೆ.

ಕಳಿಸುವ ಮುನ್ನ ಒಂದು ಪರೀಕ್ಷೆ ಮಾಡಿ ನೋಡಬಹುದು. ‘9ರ ಬೆಳಿಗ್ಗೆ ಕಳಿಸಿದರೆ ನಡೆಯುತ್ತದಾ ಸರ್?’ ಎಂದು ಆ ಕಡೆಯವರು ಕೇಳಿದರು ಎಂದುಕೊಳ್ಳಿ. ಇಮೇಲಿನಲ್ಲೇ ಅದಕ್ಕೆ ಉತ್ತರ ಇದೆಯೇ? ಇದ್ದರೆ ಗಡುವು ಗಟ್ಟಿಯಾಗಿದೆ. ಎರಡನೆಯ ಪರೀಕ್ಷೆ ಸಿಸಿಯದು. ಮಾತೆಲ್ಲ ನಯವಾಗಿದ್ದು, ಮೊದಲ ಇಮೇಲಿಗೇ ಶಾಖೆಯ ಮೇಲಧಿಕಾರಿಯ ಹೆಸರನ್ನು ಸಿಸಿಗೆ ಸೇರಿಸಿದರೆ ಅದನ್ನು ದೂರೆಂದೇ ಓದಲಾಗುತ್ತದೆ.

7ರಂದು ನೆನಪಿಸುವಾಗ ಹೊಸ ಮಾತು ಬೇಡ. ‘ನಾಳೆ ಸಂಜೆ 4ಕ್ಕೆ ಮುಂಚೆ’ ಎಂಬ ಒಂದೇ ಸಾಲು ಸಾಕು. ಹಾಗೆಯೇ, ನಿಜಕ್ಕೂ 10ರವರೆಗೆ ಕಾಯಬಹುದಾದರೆ 8 ಎಂದು ಬರೆಯಲೇಬಾರದು. 9ಕ್ಕೆ ಬಂದ ಬಿಲ್ಲನ್ನು ಒಮ್ಮೆ ಸುಮ್ಮನೆ ಸೇರಿಸಿಕೊಂಡರೆ, ಮುಂದಿನ ತಿಂಗಳು ಎಷ್ಟೇ ಚೆನ್ನಾಗಿ ಬರೆದರೂ 8 ಎಂಬುದನ್ನು ಯಾರೂ ನಂಬುವುದಿಲ್ಲ.