ಒಂದೇ ಹೆಸರು, ಎರಡು ಸ್ಪೆಲಿಂಗ್

ಲಕ್ಷ್ಮೀದೇವಮ್ಮ ಎಂದು ಕೂಗಿದರೆ ತಿರುಗಿ ನೋಡುವವರು ಒಬ್ಬರೇ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಒಬ್ಬರು ksh ಹಾಕುತ್ತಾರೆ, ಇನ್ನೊಬ್ಬರು x ಹಾಕುತ್ತಾರೆ. ಪಿಎಫ್ ಕಂಪ್ಯೂಟರಿಗೆ ಅವರು ಇಬ್ಬರು ಬೇರೆ ಬೇರೆ ಹೆಂಗಸರು. ಸಂಬಳದಿಂದ ತಿಂಗಳು ತಿಂಗಳೂ ದುಡ್ಡು ಹೋಗುತ್ತಿರುವಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಗಳ ಮದುವೆಗೆಂದು ಮುಂಗಡ ಕೇಳುವ ಹೊತ್ತಿಗೆ ಆಧಾರ್ ಜೋಡಣೆಯಾಗದೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಇಂಥ ಉದ್ಯೋಗಿ ಎಚ್‌ಆರ್‌ಗೆ "ನನ್ನ ಹೆಸರು ತಪ್ಪಾಗಿದೆ, ದಯವಿಟ್ಟು ಸರಿಪಡಿಸಿ" ಎಂದಷ್ಟೇ ಬರೆದುಕೊಟ್ಟರೆ ಆಫೀಸಿನವರು ಹಾಜರಿ ಪುಸ್ತಕದಲ್ಲೋ ಸಂಬಳದ ಚೀಟಿಯಲ್ಲೋ ತಿದ್ದಿ ಸುಮ್ಮನಾಗಬಹುದು. ಪಿಎಫ್ ದಾಖಲೆ ಹಾಗೇ ಉಳಿಯುತ್ತದೆ. ಹಾಗಾಗಿ ಪತ್ರದಲ್ಲಿ ತಪ್ಪು ಎಲ್ಲಿದೆ ಎಂಬುದನ್ನು ಅಕ್ಷರ ಸಮೇತ ತೋರಿಸಬೇಕು:

"ಮಾನ್ಯರೇ, ನಾನು ಹೊಲಿಗೆ ವಿಭಾಗದಲ್ಲಿ 2014ರಿಂದ ಕೆಲಸ ಮಾಡುತ್ತಿದ್ದೇನೆ. ಪಿಎಫ್ ದಾಖಲೆಯಲ್ಲಿ ನನ್ನ ಹೆಸರು LAXMIDEVAMMA ಎಂದಿದೆ. ಆಧಾರ್‌ನಲ್ಲಿರುವಂತೆ ಅದು LAKSHMIDEVAMMA ಆಗಬೇಕು. ಹುಟ್ಟಿದ ತಾರೀಖು ಸರಿಯಾಗಿದೆ. ಯುಎಎನ್ ಮತ್ತು ಪಿಎಫ್ ಸದಸ್ಯತ್ವ ಸಂಖ್ಯೆಯನ್ನು ಕೆಳಗೆ ಬರೆದಿದ್ದೇನೆ, ಆಧಾರ್ ಪ್ರತಿ ಲಗತ್ತಿಸಿದ್ದೇನೆ. ನಾನು ಆನ್‌ಲೈನ್‌ನಲ್ಲಿ ಜಂಟಿ ಘೋಷಣೆ ಸಲ್ಲಿಸಿದ್ದು, ಕಂಪನಿಯ ಲಾಗಿನ್‌ನಲ್ಲಿ ಅದಕ್ಕೆ ಒಪ್ಪಿಗೆ ನೀಡಬೇಕೆಂದು ಕೋರುತ್ತೇನೆ."

ಇಡೀ ಪತ್ರದ ಜೀವ ಕೊನೆಯ ವಾಕ್ಯದಲ್ಲಿದೆ. ಯುಎಎನ್ ಎಂದರೆ ಎಷ್ಟು ಕೆಲಸ ಬದಲಿಸಿದರೂ ಬದಲಾಗದ 12 ಅಂಕಿಗಳ ಪಿಎಫ್ ಸಂಖ್ಯೆ. ಹೆಸರು ತಿದ್ದುವ ಕೋರಿಕೆಯನ್ನು ಆ ಸಂಖ್ಯೆಯ ಖಾತೆಯಿಂದ ಕಳಿಸಬಹುದು. ಕಂಪನಿ ಅದನ್ನು ನೋಡಿ ಒಪ್ಪಬೇಕು. ಉದ್ಯೋಗಿ, ಮಾಲೀಕ ಇಬ್ಬರೂ ಸೇರಿ ಹೇಳುವುದರಿಂದಲೇ ಅದು ಜಂಟಿ ಘೋಷಣೆ.

ಎಲ್ಲರಿಗೂ ಈ ಪತ್ರ ಬೇಕಾಗುವುದಿಲ್ಲ. 2025ರ ಜನವರಿಯಲ್ಲಿ ಪಿಎಫ್ ಸಂಸ್ಥೆ ನಿಯಮ ಸಡಿಲಿಸಿತು. 2017ರ ಅಕ್ಟೋಬರ್ 1ರಂದು ಅಥವಾ ಆಮೇಲೆ, ಆಧಾರ್ ತಾಳೆ ನೋಡಿ ಕೊಟ್ಟ ಯುಎಎನ್ ಇದ್ದವರು ಹೆಸರನ್ನು ತಾವೇ ತಿದ್ದಿಕೊಳ್ಳಬಹುದು. ಅದಕ್ಕೂ ಹಳೆಯ ಸಂಖ್ಯೆಯಾದರೆ ಕಂಪನಿಯ ಒಪ್ಪಿಗೆ ಬೇಕು. ಲಕ್ಷ್ಮೀದೇವಮ್ಮನವರಂತೆ 2014ರಿಂದ ದುಡಿಯುತ್ತಿರುವವರು ಈ ಎರಡನೆಯ ಸಾಲಿನವರು.

ಪತ್ರ ಬರೆಯುವ ಮೊದಲು ಆಧಾರ್ ಕಾರ್ಡನ್ನೇ ಒಮ್ಮೆ ಓದಿಕೊಳ್ಳಿ. ಪಿಎಫ್ ಹೆಸರು ಅದಕ್ಕೆ ಹೊಂದಬೇಕಾದ್ದರಿಂದ, ಅಲ್ಲಿ ತಪ್ಪಿದ್ದರೆ ಮೊದಲು ಅದನ್ನೇ ತಿದ್ದಿಸಬೇಕು. "ರಗಳೆ ಬೇಡ, ಹೊಸ ಯುಎಎನ್ ಮಾಡಿಕೊಡುತ್ತೇವೆ" ಎಂದು ಆಫೀಸಿನವರು ಹೇಳಿದರೆ ಒಪ್ಪಬೇಡಿ. ಹಳೆಯ ದುಡ್ಡು ಒಂದು ಕಡೆ, ಹೊಸದು ಇನ್ನೊಂದು ಕಡೆ ಆಗುತ್ತದೆ.

"ಆಯಿತಮ್ಮ, ಕಳಿಸಿದ್ದೇವೆ" ಎಂಬ ಮಾತಿಗೆ ಕೆಲಸ ಮುಗಿಯುವುದಿಲ್ಲ. ಪತ್ರದ ನಕಲಿನ ಮೇಲೆ ತಾರೀಖು, ಸಹಿ ಹಾಕಿಸಿಕೊಳ್ಳಿ. ಆಮೇಲೆ ಪಿಎಫ್ ಖಾತೆಗೆ ಲಾಗಿನ್ ಆಗಿ ಹೆಸರು ನೋಡಿ. x ಹೋಗಿ ksh ಬಂದಿದ್ದರೆ ಮಾತ್ರ ಪತ್ರ ತಲುಪಬೇಕಾದಲ್ಲಿಗೆ ತಲುಪಿದೆ.