ಸಂಜೆ ಐದರ ಗಡುವು

“ಸಂಜೆ 5ರೊಳಗೆ 9,000 ಕಟ್ಟು. ಇಲ್ಲಾಂದ್ರೆ ನಿನ್ನ ಬೆತ್ತಲೆ ಫೋಟೊ ನಿಮ್ಮಪ್ಪನಿಂದ ಹಿಡಿದು ಎಲ್ಲರ ಮೊಬೈಲಿಗೂ ಹೋಗುತ್ತೆ.”

ವಾಟ್ಸಾಪಿಗೆ ಬಂದ ಇಂಥ ಸಂದೇಶವನ್ನು ಯಥಾವತ್ತಾಗಿ ಆಪ್ತರಿಗೆ ಕಳಿಸಿ, ಕೆಳಗೆ ‘ಏನು ಮಾಡಲಿ?’ ಎಂದು ಕೇಳುವವರಲ್ಲಿ ಆ್ಯಪ್ ಸಾಲ ಮಾಡಿದವರು ಅನೇಕರು. 5,000 ಸಾಲವೆಂದು ಕೈಗೆ 3,000 ಬಂದಿರುತ್ತದೆ. ಏಳು ದಿನದಲ್ಲಿ ಪೂರ್ತಿ ತೀರಿಸಿದರೂ ಬಾಕಿ ಮುಗಿದಿರುವುದಿಲ್ಲ. ಫೋಟೊ ನಕಲಿ, ಅರ್ಜಿಗೆ ತೆಗೆದ ಸೆಲ್ಫಿಯ ಮುಖವನ್ನು ಬೇರೆ ದೇಹಕ್ಕೆ ಅಂಟಿಸಿದ್ದು.

ದುಡ್ಡು ಕಳಿಸಬೇಡಿ. ಒಮ್ಮೆ ಹೆದರಿ ಕೊಟ್ಟವರು ಮತ್ತೆ ಕೊಡುತ್ತಾರೆ ಎಂಬುದು ಅವರ ಲೆಕ್ಕ. ಮರುದಿನ ಬೇರೆ ನಂಬರಿನಿಂದ ಬೇರೆ ಮೊತ್ತ ಕೇಳುತ್ತಾರೆ. ನಿಜವಾಗಿ ಬಾಕಿ ಇದ್ದರೆ ಅದನ್ನು ಸಾಲ ಕೊಟ್ಟ ನೋಂದಾಯಿತ ಸಂಸ್ಥೆಯ ಖಾತೆಗೇ ಕಟ್ಟಬೇಕು, ಬೆದರಿಸುವವನ ಯುಪಿಐ ಐಡಿಗಲ್ಲ. ಸಾಲದ ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿ, ಗ್ಯಾಲರಿಗಳಿಗೆ ಕೈಹಾಕಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ.

ಗಾಬರಿಯಲ್ಲಿ ಎಲ್ಲರೂ ಮೊದಲು ಮಾಡುವುದು ನಂಬರ್ ಬ್ಲಾಕ್ ಮಾಡಿ, ಚಾಟ್ ಅಳಿಸಿ, ಆ್ಯಪ್ ಕಿತ್ತುಹಾಕುವುದು. ಅದರೊಂದಿಗೆ ಸಾಕ್ಷ್ಯವೂ ಹೋಗುತ್ತದೆ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ: ಪೂರ್ತಿ ನಂಬರ್, ದಿನಾಂಕ, ಸಮಯ ಕಾಣಬೇಕು. ಆ್ಯಪ್‌ನ ಹೆಸರು, ಸಾಲದ ವಿವರ, ನೀವು ಕಟ್ಟಿದ ರಸೀದಿಗಳೂ ಇರಲಿ. ಎಲ್ಲಕ್ಕಿಂತ ಮುಖ್ಯವಾದದ್ದು ದುಡ್ಡು ಹಾಕಲು ಅವರು ಕೊಟ್ಟ ಯುಪಿಐ ಐಡಿ. ನಂಬರ್ ನಕಲಿಯಾಗಿರಬಹುದು, ದುಡ್ಡು ಮಾತ್ರ ಯಾವುದಾದರೂ ಬ್ಯಾಂಕ್ ಖಾತೆಗೆ ಹೋಗಲೇಬೇಕು. ಇಷ್ಟಾದ ಮೇಲೆ ಆ್ಯಪ್‌ಗೆ ಕೊಟ್ಟ ಅನುಮತಿಗಳನ್ನು ರದ್ದುಮಾಡಿ, ಅದನ್ನು ತೆಗೆದು, ನಂಬರ್ ಬ್ಲಾಕ್ ಮಾಡಿ.

ಆದರೆ ಆಗಲೇ ಕದ್ದ ಸಂಪರ್ಕ ಪಟ್ಟಿ ಇದರಿಂದ ವಾಪಸ್ ಬರುವುದಿಲ್ಲ. ಕೆಲವೊಮ್ಮೆ ಅವರು ಫೋಟೊ ಕಳಿಸಿಯೂಬಿಡುತ್ತಾರೆ. ಆದ್ದರಿಂದ ಐದು ಗಂಟೆಗೆ ಮೊದಲೇ ನೀವೇ ಎಲ್ಲರಿಗೂ ಎರಡು ಸಾಲು ಬರೆಯಿರಿ: “ನನ್ನ ಫೋನಿನಿಂದ ನಂಬರುಗಳು ಕಳವಾಗಿವೆ. ನನ್ನ ಹೆಸರಿನಲ್ಲಿ ನಕಲಿ ಫೋಟೊ ಬಂದರೆ ಸ್ಕ್ರೀನ್‌ಶಾಟ್ ತೆಗೆದು ನನಗೆ ತಿಳಿಸಿ. ದುಡ್ಡು ಕೊಡಬೇಡಿ, ಯಾರಿಗೂ ಫಾರ್ವರ್ಡ್ ಮಾಡಬೇಡಿ.” ಮನೆಯವರಿಗೆ ಮಾತ್ರ ಬಾಯಲ್ಲೇ ಹೇಳಿ. ಅಪ್ಪನಿಗೆ ವಿಷಯ ಮೊದಲೇ ಗೊತ್ತಿದ್ದರೆ ಆ ಬೆದರಿಕೆಗೆ ಉಳಿಯುವ ಬಲ ಕಡಿಮೆ. ಜೀವವೇ ಬೇಡ ಅನ್ನಿಸುವಷ್ಟು ಕುಸಿದಿದ್ದರೆ ಒಬ್ಬರೇ ಇರಬೇಡಿ. 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ, ಕರೆಮಾಡಿ.

ದೂರನ್ನು cybercrime.gov.in ನಲ್ಲಿ ಅಥವಾ ಹತ್ತಿರದ ಠಾಣೆಯಲ್ಲಿ ಕೊಡಬಹುದು. ಬೆದರಿಸಿ ಹಣ ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಡಿ ಅಪರಾಧ. ನೀವು ಸಾಲಗಾರರೆಂಬುದು ಅದಕ್ಕೆ ಅಡ್ಡಬರುವುದಿಲ್ಲ. ಈಗಾಗಲೇ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ, ವಹಿವಾಟಿನ ಯುಟಿಆರ್ ಸಂಖ್ಯೆ ಕೊಡಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ಸಿಕ್ಕರೆ ಬ್ಯಾಂಕು ಅದನ್ನು ತಡೆಹಿಡಿಯಬಹುದು.